ಪರದೆಯ ಮೇಲೆ ಯಾವ ಮಂಜು?

ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ. ಆಧಾರ್ ಕಾರ್ಡಿನಲ್ಲಿ ಅವನ ಹೆಸರು ಹೊಳಲ್ಕೆರೆ ತಿಪ್ಪೇಸ್ವಾಮಿ ಮಂಜುನಾಥ. ಊರು, ಅಪ್ಪ, ತಾನು, ಮೂವರೂ ಒಂದೇ ಸಾಲಿನಲ್ಲಿದ್ದಾರೆ. ಮನೆಯಲ್ಲೂ ನಾಟಕದ ತಂಡದಲ್ಲೂ ಅವನು ಬರೀ ಮಂಜು. ಈಗ ಧಾರಾವಾಹಿಯಲ್ಲಿ ಒಂದು ಪಾತ್ರ ಸಿಕ್ಕಿದೆ. ಟೈಟಲ್ ಕಾರ್ಡಿಗೆ ಏನಂತ ಹಾಕೋಣ ಎಂದು ಮ್ಯಾನೇಜರ್ ಕೇಳುತ್ತಾರೆ. ಪೂರ್ತಿ ಹೆಸರು ಹಾಕಿದರೆ ಸಾಲು ತುಂಬಿಹೋಗುತ್ತದೆ. ‘ಮಂಜು’ ಅಂದರೆ ಯಾವ ಮಂಜು? ನಿರ್ಮಾಪಕ ಕೆ. ಮಂಜು ಇದ್ದಾರೆ, ಉಗ್ರಂ ಮಂಜು ಇದ್ದಾರೆ, ಮಂಜು ಪಾವಗಡ ಇದ್ದಾರೆ.

ಹಿಂದೆ ಈ ತಲೆನೋವು ನಿರ್ದೇಶಕರದ್ದಾಗಿತ್ತು. 1954ರ ‘ಬೇಡರ ಕಣ್ಣಪ್ಪ’ಕ್ಕೆ ಬಂದ ಮುತ್ತುರಾಜ್‌ಗೆ ರಾಜ್‌ಕುಮಾರ್ ಎಂಬ ಹೆಸರು ಕೊಟ್ಟವರು ಎಚ್.ಎಲ್.ಎನ್. ಸಿಂಹ. ಬೆಂಗಳೂರಿನ ಶಿವಾಜಿರಾವ್ ಗಾಯಕ್ವಾಡ್ ಮದರಾಸಿಗೆ ಹೋದಾಗ ಅಲ್ಲಿ ಆಗಲೇ ಶಿವಾಜಿ ಗಣೇಶನ್ ಇದ್ದರು. ಅದಕ್ಕೇ ಕೆ. ಬಾಲಚಂದರ್ ಅವರನ್ನು ರಜನಿಕಾಂತ್ ಮಾಡಿದರು. ಈಗ ಈ ಕೆಲಸವನ್ನು ನಟನೇ ಮಾಡಿಕೊಳ್ಳಬೇಕು.

ಮೊದಲ ಕೆಲಸ, ಇರುವ ಹೆಸರನ್ನೇ ಬಿಡಿಸಿ ಕಾಗದದ ಮೇಲೆ ಹರಡುವುದು. ಹೊಸ ಹೆಸರು ಹುಡುಕಲು ಆಮೇಲೆ ಹೋಗಿ. ನಮ್ಮ ಹುಡುಗನಿಗೆ ಸಿಗುವುದು ಹೊಳಲ್ಕೆರೆ, ತಿಪ್ಪೇಸ್ವಾಮಿ, ತಿಪ್ಪೇಶ್, ಮಂಜುನಾಥ, ಮಂಜು. ಜೊತೆಗೆ ಮನೆದೇವರ ಹೆಸರು, ಅಜ್ಜಿ ಕರೆಯುತ್ತಿದ್ದ ಹೆಸರು, ತಂಡದ ಹೆಸರು. ಎಚ್.ಟಿ. ಮಂಜುನಾಥ ಅಂತ ಇನಿಷಿಯಲ್ ಹಾಕಬಹುದು. ಆದರೆ ಅದು ತಾಲ್ಲೂಕು ಕಚೇರಿಯ ಬಾಗಿಲಿನ ಬೋರ್ಡಿನಂತೆ ಕೇಳುತ್ತದೆ, ಅಲ್ವಾ? ಇಂಗ್ಲಿಷ್ ಅಕ್ಷರಗಳು ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ.

ಆಮೇಲೆ ಹೆಸರಿನ ಮುಂದೆ ಒಂದು ಪದ ಅಂಟಿಸಿ ನೋಡಿ. ತೀರಾ ಸಾಮಾನ್ಯವಾದ ಹೆಸರಿಗೆ ಕನ್ನಡದಲ್ಲಿ ಮೊದಲಿನಿಂದ ಇರುವ ಮದ್ದು ಇದೇ. ಆದರೆ ಈ ಪದಗಳು ಬರುವ ದಾರಿ ಬೇರೆ ಬೇರೆ. ದುನಿಯಾ ವಿಜಯ್, ನೆನಪಿರಲಿ ಪ್ರೇಮ್ ಎಂಬ ಹೆಸರುಗಳು ಗೆದ್ದ ಸಿನಿಮಾದಿಂದ ಬಂದವು. ಮುಖ್ಯಮಂತ್ರಿ ಚಂದ್ರು ಅವರ ಹೆಸರು ನಾಟಕದಿಂದ ಬಂತು. ಅವನ್ನು ಜನ, ಪತ್ರಿಕೆಯವರು ಕೊಡಬೇಕು. ಮೊದಲ ಪಾತ್ರ ಮಾಡುವವನು ತಾನಾಗಿ ಇಟ್ಟುಕೊಂಡರೆ ನಗೆಪಾಟಲು. ತಂಡದ ಹೆಸರಿನ ದಾರಿ ಬೇರೆ. ರಂಗಾಯಣ ರಘು, ಸಂಚಾರಿ ವಿಜಯ್ ಅವರ ಹೆಸರಿನಲ್ಲಿ ಅವರು ದುಡಿದ ತಂಡವೇ ಇದೆ. ವಿಜಯ್ ಅನ್ನುವಷ್ಟು ಸಾಮಾನ್ಯ ಹೆಸರಿಟ್ಟುಕೊಂಡೂ ಸಂಚಾರಿ ವಿಜಯ್ ಯಾರ ಜೊತೆಗೂ ಕಲಸಿಹೋಗಲಿಲ್ಲ. ಈ ದಾರಿ ಹಿಡಿಯುವುದಾದರೆ ತಂಡದ ಹಿರಿಯರನ್ನು ಒಂದು ಮಾತು ಕೇಳಿ. ಅದೇ ತಂಡದಿಂದ ಇನ್ನಿಬ್ಬರು ಅದೇ ಪದ ಹಾಕಿಕೊಂಡು ಹೊರಟಿರಬಹುದು.

ಇನ್ನು ಊರಿನ ಹೆಸರು. ‘ಹೊಳಲ್ಕೆರೆ ಮಂಜು’ ಕಿವಿಗೆ ಚೆನ್ನಾಗಿದೆ. ಆದರೆ ಮಂಜು ಪಾವಗಡ ಆಗಲೇ ಜನಕ್ಕೆ ಗೊತ್ತಿರುವುದರಿಂದ, ಇನ್ನೊಬ್ಬ ಊರಿನ ಮಂಜು ಬಂದರೆ ‘ಅವರಲ್ಲ, ಇನ್ನೊಬ್ಬರು’ ಅನ್ನಿಸಿಕೊಳ್ಳುತ್ತಾನೆ. ಪದ ಅಂಟಿಸಿದರೂ ಗೊಂದಲ ಉಳಿದರೆ ತಪ್ಪಿರುವುದು ಮೂಲ ಹೆಸರಿನಲ್ಲೇ ಅಂತ ತಿಳಿಯಿರಿ. ಆಗ ಮಂಜುವನ್ನೇ ಬಿಡಬೇಕು.

ನನ್ನ ಕಣ್ಣು ಹೋಗಿದ್ದು ಅಪ್ಪನ ಹೆಸರಿನ ಕಡೆ. ತಿಪ್ಪೇಶ್ ಹೊಳಲ್ಕೆರೆ. ಅಪ್ಪನ ಹೆಸರನ್ನು ಮಗ ಹೊತ್ತು ನಿಲ್ಲುವುದು ನಮ್ಮ ರಂಗಭೂಮಿಗೆ ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯನವರ ಹುಟ್ಟುಹೆಸರು ನರಸಿಂಹಮೂರ್ತಿ, ಹಿರಣ್ಣಯ್ಯ ಅವರ ತಂದೆ. ಒಂದು ಅಡ್ಡಿ ಮಾತ್ರ ಇದೆ. ಚಿತ್ರದುರ್ಗದ ಕಡೆ ತಿಪ್ಪೇಸ್ವಾಮಿ ಅಂದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ನೆನಪಾಗುತ್ತಾರೆ. ಬೆಂಗಳೂರಿನಲ್ಲಿ ಯಾರೋ ಒಬ್ಬರು ಖಂಡಿತ ‘ತಿಪ್ಪೆ’ ಅಂತ ತಮಾಷೆ ಮಾಡುತ್ತಾರೆ. ಅದನ್ನು ತಡೆದುಕೊಳ್ಳುವ ಮನಸ್ಸಿದೆಯೇ ಅಂತ ಮೊದಲೇ ಕೇಳಿಕೊಳ್ಳಬೇಕು. ಇದ್ದರೆ ಒಳ್ಳೆಯದೇ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಎರಡು ಮೂರು ಹೆಸರು ಉಳಿದ ಮೇಲೆ ಪರೀಕ್ಷೆ. ಫೋನಿನಲ್ಲಿ ನಾಲ್ಕು ಜನಕ್ಕೆ ಹೆಸರು ಹೇಳಿ, ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಲು ಹೇಳಿ. ಒಬ್ಬರು Thippesh, ಇನ್ನೊಬ್ಬರು Tippesh, ಮತ್ತೊಬ್ಬರು Thippesha ಅಂತ ಕಳಿಸಿದರೆ ಹುಡುಕುವವರೂ ಹಾಗೇ ಹುಡುಕುತ್ತಾರೆ. ಹೆಚ್ಚು ಜನ ಬರೆದದ್ದನ್ನೇ ಇಟ್ಟುಕೊಳ್ಳಿ. ಸಂಖ್ಯಾಶಾಸ್ತ್ರದವರು ಹೇಳಿದರೆಂದು ಒಂದು a ಜಾಸ್ತಿ ಸೇರಿಸಿದರೆ ಆ ಕಾಗುಣಿತವನ್ನು ನೀವೊಬ್ಬರೇ ಟೈಪ್ ಮಾಡುತ್ತೀರಿ.

ಹಾಗೇ ಗೂಗಲ್, ಯೂಟ್ಯೂಬ್, ಇನ್‌ಸ್ಟಾಗ್ರಾಂನಲ್ಲಿ ಹುಡುಕಿ. ಕನ್ನಡದಲ್ಲೂ ಹುಡುಕಿ. ಸಿನಿಮಾದ ಹೆಸರನ್ನು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸುತ್ತಾರೆ. ನಟರ ಹೆಸರಿಗೆ ಅಂಥ ಕಾವಲು ಇಲ್ಲಿಲ್ಲ. ಅಮೆರಿಕದಲ್ಲಿ ನಟರ ಸಂಘವೇ ಒಂದೇ ಹೆಸರಿನ ಇಬ್ಬರು ಬೇಡ ಅನ್ನುತ್ತದೆ. ಮೈಕೆಲ್ ಡಗ್ಲಸ್ ಎಂದು ಹುಟ್ಟಿದ ಒಬ್ಬರು ಮೈಕೆಲ್ ಕೀಟನ್ ಆಗಿದ್ದು ಅದಕ್ಕೇ. ಐಎಮ್‌ಡಿಬಿಯಲ್ಲಿ ಒಂದೇ ಹೆಸರಿನವರಿಗೆ ಆವರಣದಲ್ಲಿ ರೋಮನ್ ಅಂಕಿ ಹಾಕಿ ಬೇರೆ ಮಾಡುತ್ತಾರೆ. ಆದರೂ ಒಬ್ಬರ ಸಿನಿಮಾ ಇನ್ನೊಬ್ಬರ ಪುಟಕ್ಕೆ ಹೋಗಿ ಕೂರುವ ಸಾಧ್ಯತೆ ಇದ್ದೇ ಇದೆ. ತೀರಾ ಚಿಕ್ಕ ಹೆಸರೂ ಕಷ್ಟ. ನವೀನ್ ಕುಮಾರ್ ಗೌಡ ‘ಯಶ್’ ಆಗಿ ಗೆದ್ದರು, ನಿಜ. ಆದರೆ ಹೊಸಬನೊಬ್ಬ ಅಷ್ಟು ಚಿಕ್ಕ ಹೆಸರಿಟ್ಟುಕೊಂಡರೆ ಹುಡುಕಾಟದಲ್ಲಿ ಮುಳುಗಿಹೋಗುತ್ತಾನೆ.

ಖಾತೆಯ ಹೆಸರಿನ ಉದ್ದವನ್ನೂ ಎಣಿಸಿ. thippeshholalkere ಅಂದರೆ 17 ಅಕ್ಷರ. ಇನ್‌ಸ್ಟಾಗ್ರಾಂನಲ್ಲಿ 30ರವರೆಗೆ ಜಾಗವಿದೆ, ಎಕ್ಸ್‌ನಲ್ಲಿ 15 ಮಾತ್ರ. ಎರಡೂ ಕಡೆ ಒಂದೇ ಇರಬೇಕೆಂದರೆ ಈಗಲೇ thippeshh ಥರದ ಚಿಕ್ಕ ರೂಪ ಹುಡುಕಿ ಎರಡೂ ಕಡೆ ತೆಗೆದಿಡಿ.

ಕೊನೆಗೆ ಕಾಗದಪತ್ರ. ಪರದೆಯ ಹೆಸರಿಗಾಗಿ ಗೆಜೆಟ್‌ನಲ್ಲಿ ಹೆಸರು ಬದಲಿಸಬೇಕಿಲ್ಲ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಹಳೆಯ ಹೆಸರಿನಲ್ಲೇ ಇರಲಿ. ಕರಾರು ಪತ್ರದಲ್ಲಿ ಮಾತ್ರ ‘ಹೊಳಲ್ಕೆರೆ ತಿಪ್ಪೇಸ್ವಾಮಿ ಮಂಜುನಾಥ ಅಲಿಯಾಸ್ ತಿಪ್ಪೇಶ್ ಹೊಳಲ್ಕೆರೆ’ ಅಂತ ಎರಡೂ ಬರಬೇಕು. ಟಿಡಿಎಸ್ ಹಿಡಿಯುವಾಗ ಪ್ಯಾನ್‌ನಲ್ಲಿರುವ ಹೆಸರೇ ಬೇಕು. ಜನ ಎಡವುವುದು ಹೆಚ್ಚಾಗಿ ಟಿಕೆಟ್ಟಿನಲ್ಲಿ. ಹೊರಗಡೆ ಶೂಟಿಂಗ್ ಇದ್ದಾಗ ಪ್ರೊಡಕ್ಷನ್‌ನವರು ತಮಗೆ ಗೊತ್ತಿರುವ ಹೆಸರಿನಲ್ಲೇ ವಿಮಾನದ ಟಿಕೆಟ್ ಮಾಡಿಸುತ್ತಾರೆ. ನಿಲ್ದಾಣದ ಬಾಗಿಲಲ್ಲಿ ಗುರುತಿನ ಚೀಟಿ ಬೇರೆ ಹೆಸರು ಹೇಳುತ್ತದೆ. ನನ್ನ ಸ್ನೇಹಿತನೊಬ್ಬ ಹೀಗೇ ಬೆಳಗಿನ ಜಾವ ಬಾಗಿಲಲ್ಲೇ ನಿಂತು, ಮ್ಯಾನೇಜರನ್ನು ಎಬ್ಬಿಸಲು ಇಪ್ಪತ್ತು ಸಲ ಫೋನ್ ಮಾಡಿದ್ದ. ಅದಕ್ಕೇ ಮೊದಲ ದಿನವೇ ಗುರುತಿನ ಚೀಟಿಯ ಫೋಟೊ ಮ್ಯಾನೇಜರ್‌ಗೆ ಕಳಿಸಿಡಿ.

ಟೈಟಲ್ ಕಾರ್ಡಿನ ಹೆಸರನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ನಿರ್ದೇಶನ ವಿಭಾಗಕ್ಕೆ ವಾಟ್ಸಾಪ್ ಮಾಡಿ, ಅವರು ಸರಿ ಅಂದ ಉತ್ತರವನ್ನು ಇಟ್ಟುಕೊಳ್ಳಿ. ಧಾರಾವಾಹಿಯ ಟೈಟಲ್ ಒಮ್ಮೆ ಮಾಡಿದರೆ ನೂರಾರು ಕಂತಿಗೆ ಅದೇ ಓಡುತ್ತದೆ. ಒಂದು ಒತ್ತಕ್ಷರ ತಪ್ಪಿ ‘ತಿಪೇಶ್’ ಆದರೆ ದಿನಾ ಸಂಜೆ ತಿಪೇಶ್ ಅಂತಲೇ ಬರುತ್ತದೆ.