ಟೆಂಪೊ ಗೇಟಿಗೆ ಬರುವ ಮೊದಲು ಮಾಲಕರ ಸಹಿ: ಅಪಾರ್ಟ್‌ಮೆಂಟ್ ಬಾಡಿಗೆದಾರರ ಫಾರ್ಮ್ ಮುಗಿಸುವುದು ಹೇಗೆ?

ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆ ಕಡೆ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆ ಮನೆ ಹಿಡಿಯುವವರಿಗೆ ಮಾಲಕರ ಜೊತೆ ಮಾತು ಮುಗಿದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಉಳಿದರ್ಧ ಸೊಸೈಟಿಯದ್ದು. ‘ಫಾರ್ಮ್ ಬಂದಿಲ್ರೀ, ಗಾಡಿ ಒಳಗ ಬಿಡಂಗಿಲ್ಲ’ ಎಂದು ವಾಚ್‌ಮನ್ ಹೇಳಿಬಿಟ್ಟರೆ ಸಾಮಾನು ತುಂಬಿದ ಟೆಂಪೊ ರಸ್ತೆಯಲ್ಲೇ ನಿಲ್ಲುತ್ತದೆ. ಹಮಾಲರನ್ನು ಕಾಯಿಸಿದ ಕೂಲಿ ಬೇರೆ. ಆ ಫಾರ್ಮಿನಲ್ಲಿ ಉಳಿದದ್ದನ್ನೆಲ್ಲ ನೀವೇ ತುಂಬಬಹುದು. ತಡವಾಗುವುದು ಬಹುತೇಕ ಒಂದೇ ಕಡೆ, ಮಾಲಕರ ಸಹಿಯಲ್ಲಿ.

ಈ ಸಹಿಯನ್ನು ಸುಮ್ನೆ ಒಂದು ಶಾಸ್ತ್ರ ಅಂದುಕೊಳ್ಳುವವರೇ ಜಾಸ್ತಿ. ನನ್ನ ಪ್ರಕಾರ ಡಿಪಾಜಿಟ್ ಕೊಡುವ ಮೊದಲು ಬಾಡಿಗೆದಾರನಿಗೆ ಖರ್ಚಿಲ್ಲದೆ ಸಿಗುವ ತಪಾಸಣೆ ಇದು. ನಿಮ್ಮ ಹತ್ತಿರ ದುಡ್ಡು ತೆಗೆದುಕೊಳ್ಳುತ್ತಿರುವವರು ನಿಜವಾಗಿಯೂ ಮಾಲಕರೇ, ಆ ಫ್ಲ್ಯಾಟಿನ ಮೇಲೆ ಹಳೆಯ ಬಾಕಿ ಇದೆಯೇ ಎನ್ನುವುದು ಇಲ್ಲೇ ಗೊತ್ತಾಗುತ್ತದೆ. ಹಾಗಾಗಿ ಈ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬಾರದು.

ಟೋಕನ್ ಕೊಟ್ಟ ದಿನವೇ ಖಾಲಿ ಫಾರ್ಮ್

ಮನೆ ಒಪ್ಪಿಗೆಯಾಗಿ ಟೋಕನ್ ಅಡ್ವಾನ್ಸ್ ಕೊಟ್ಟ ದಿನವೇ ಸೆಕ್ರೆಟರಿ ಅಥವಾ ಮ್ಯಾನೇಜರ್ ಹತ್ತಿರ ಹೋಗಿ ಖಾಲಿ ಫಾರ್ಮ್ ಇಸಿದುಕೊಳ್ಳಿ. ಸಣ್ಣ ಅಪಾರ್ಟ್‌ಮೆಂಟುಗಳಲ್ಲಿ ಆಫೀಸು ಇರುವುದಿಲ್ಲ, ವಾಚ್‌ಮನ್ ಹತ್ತಿರವೇ ಒಂದು ಕಟ್ಟು ಇರುತ್ತದೆ. ಆಗಲೇ ಮೂರು ಪ್ರಶ್ನೆ ಕೇಳಿ. ಈ ಫ್ಲ್ಯಾಟ್ ನಿಮ್ಮ ರಜಿಸ್ಟರಿನಲ್ಲಿ ಯಾರ ಹೆಸರಿನಲ್ಲಿದೆ? ಮೆಂಟೆನನ್ಸ್ ಬಾಕಿ ಇದೆಯೇ? ಮಾಲಕರು ಬೇರೆ ಊರಲ್ಲಿದ್ದರೆ ಸ್ಕ್ಯಾನ್ ಮಾಡಿದ ಸಹಿ ನಡೆಯುತ್ತದೆಯೇ, ಅಥವಾ ಪೆನ್ನಿನಲ್ಲಿ ಮಾಡಿದ್ದೇ ಬೇಕೇ?

ಮೊದಲ ಪ್ರಶ್ನೆಯೇ ದೊಡ್ಡದು. ಫ್ಲ್ಯಾಟ್ ತೋರಿಸಿದವರು ಮಗ, ರಜಿಸ್ಟರಿನಲ್ಲಿ ಇರುವುದು ತೀರಿಕೊಂಡ ತಂದೆಯ ಹೆಸರು. ಅಥವಾ ಫ್ಲ್ಯಾಟ್ ಹೆಂಡತಿಯ ಹೆಸರಿನಲ್ಲಿದೆ, ವ್ಯವಹಾರವೆಲ್ಲ ಗಂಡನದ್ದು. ನಮ್ಮ ಕಡೆ ಇವೆರಡೂ ಮಾಮೂಲು. ಇದರಲ್ಲಿ ಮೋಸವೇನೂ ಇಲ್ಲ, ಆದರೆ ಮಗ ಅಥವಾ ಗಂಡ ಸಹಿ ಮಾಡಿದ ಫಾರ್ಮನ್ನು ಸೆಕ್ರೆಟರಿ ವಾಪಸ್ ಕೊಡುತ್ತಾರೆ. ಹೆಂಡತಿಯ ಹೆಸರಲ್ಲಿದ್ದರೆ ಅವರಿಂದಲೇ ಸಹಿ ಮಾಡಿಸಿ, ಅಗ್ರೀಮೆಂಟಿನಲ್ಲೂ ಅವರ ಹೆಸರೇ ಬರಲಿ. ತಂದೆ ತೀರಿಕೊಂಡಿದ್ದರೆ ಮಕ್ಕಳಲ್ಲಿ ಯಾರ ಸಹಿ ಒಪ್ಪುತ್ತಾರೆ, ಜೊತೆಗೆ ಏನೇನು ಕಾಗದ ಇಡಬೇಕು ಎಂದು ಸೆಕ್ರೆಟರಿಯನ್ನೇ ಕೇಳಿಕೊಳ್ಳಿ. ಬೇರೆಯವರಿಗೆ ಮುಖತ್ಯಾರ ಪತ್ರ ಕೊಟ್ಟಿದ್ದರೆ ಅದರ ಪ್ರತಿಯನ್ನು ಫಾರ್ಮಿಗೆ ಲಗತ್ತಿಸಿ.

ಇನ್ನೊಂದು ಸಂದರ್ಭ ಇದೆ, ಅದು ಅಪಾಯದ್ದು. ಮೊದಲು ಲೀಸಿಗೆ ಇದ್ದವರೇ ಮಾಲಕರಿಗೆ ಹೇಳದೆ ಮನೆಯನ್ನು ಮತ್ತೊಬ್ಬರಿಗೆ ಬಾಡಿಗೆ ಕೊಡುವುದುಂಟು. ಅಂಥವರು ಅಗ್ರೀಮೆಂಟಿಗೆ ಬೇಗ ಸಹಿ ಹಾಕುತ್ತಾರೆ. ಸೊಸೈಟಿ ಫಾರ್ಮ್ ಅಂದಕೂಡಲೇ ಇವತ್ತು ನಾಳೆ ಎನ್ನುತ್ತಾರೆ, ಯಾಕೆಂದರೆ ಸೆಕ್ರೆಟರಿಗೆ ಮಾಲಕರು ಯಾರೆಂದು ಗೊತ್ತಿರುತ್ತದೆ. ಕಾರಣ ಹೇಳದೆ ಫಾರ್ಮಿನ ಮಾತನ್ನು ತಳ್ಳುತ್ತಲೇ ಹೋದರೆ ಡಿಪಾಜಿಟ್ ಅಲ್ಲಿಗೇ ನಿಲ್ಲಿಸಿ.

ಮೊದಲು ನಿಮ್ಮ ಭಾಗ ತುಂಬಿ

ಖಾಲಿ ಫಾರ್ಮಿಗೆ ಸಹಿ ಕೇಳಿದರೆ ಮಾಲಕರು ಹಿಂಜರಿಯುವುದು ಸರಿಯೇ. ಮನೆಯಲ್ಲಿ ಇರುವವರ ಹೆಸರು, ಊರಿನ ವಿಳಾಸ, ಕೆಲಸದ ಜಾಗ, ಗಾಡಿ ನಂಬರ್, ತುರ್ತಿಗೆ ಒಂದು ಫೋನ್ ನಂಬರ್ ಎಲ್ಲ ತುಂಬಿ ಆಮೇಲೆ ಕಳಿಸಿ. ಅಗ್ರೀಮೆಂಟಿನ ತಾರೀಕು ಮತ್ತು ಫಾರ್ಮಿನ ತಾರೀಕು ಒಂದೇ ಇರಬೇಕು. ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ಸಬ್ ರಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಬೇಕಾಗುತ್ತದೆ. ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಜೂನ್ 1ಕ್ಕೆ ಶುರುವಾದರೆ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಫಾರ್ಮಿನಲ್ಲಿ ಮೇ 31 ಎಂದು ಬರೆದರೆ ಮತ್ತೆ ತಿದ್ದಬೇಕು.

ಆಧಾರ್ ಪ್ರತಿ ಕೇಳಿದರೆ ಪೂರ್ತಿ ನಂಬರ್ ಕಾಣುವುದನ್ನು ಕೊಡುವ ಅಗತ್ಯವಿಲ್ಲ. myaadhaar.uidai.gov.in ತಾಣದಲ್ಲಿ ಆಧಾರ್ ಡೌನ್‌ಲೋಡ್ ಮಾಡುವಾಗ masked Aadhaar ಆರಿಸಿಕೊಂಡರೆ ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ಕಾಣುತ್ತವೆ. ಆ ಪಿಡಿಎಫ್ ತೆರೆಯಲು ನಿಮ್ಮ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ (ದೊಡ್ಡಕ್ಷರದಲ್ಲಿ) ಮತ್ತು ಹುಟ್ಟಿದ ವರ್ಷ ಹಾಕಬೇಕು. ಪ್ರಿಂಟಿನ ಮೇಲೆ ‘ಸೊಸೈಟಿ ನೋಂದಣಿಗೆ ಮಾತ್ರ’ ಎಂದು ಬರೆದು ತಾರೀಕು ಹಾಕಿ. ಈ ಪ್ರತಿಗಳು ವಾಚ್‌ಮನ್ ಕೋಣೆಯ ಮೇಜಿನ ಮೇಲೆ ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಪಾರ್ಕಿಂಗ್ ನಂಬರನ್ನು ಮಾಲಕರಿಂದ ಕೇಳಿ ಬರೆದು, ಆಮೇಲೆ ಕೆಳಗೆ ಹೋಗಿ ಆ ಜಾಗ ನೋಡಿ ಬನ್ನಿ. ಮನೆ ಖಾಲಿ ಇದ್ದಾಗ ಪಕ್ಕದವರಿಗೆ ಕಾರು ನಿಲ್ಲಿಸಲು ಕೊಟ್ಟು ಮಾಲಕರು ಮರೆತಿರುತ್ತಾರೆ. ನೀವು ಬಂದ ಮೊದಲ ರಾತ್ರಿಯೇ ಜಗಳ ಯಾಕೆ?

ಕೇಳುವುದು ಹೇಗೆ?

ಮಾಲಕರು ಹಿರಿಯರಾಗಿದ್ದರೆ ‘ನನ್ನ ಹೆಸರ ಹೇಳ್ರಿ, ಬಿಡ್ತಾರ’ ಎಂದು ಮಾತು ಮುಗಿಸುತ್ತಾರೆ. ಅವರ ಕಾಲದಲ್ಲಿ ಅದು ನಡೆಯುತ್ತಿತ್ತು ಕೂಡ. ಈಗ ಸೆಕ್ರೆಟರಿ ಬದಲಾಗಿರುತ್ತಾರೆ, ವಾಚ್‌ಮನ್ ಹೊಸಬ. ಫೋನಿನಲ್ಲಿ ವಾದ ಮಾಡುವ ಬದಲು ತುಂಬಿದ ಫಾರ್ಮಿನ ಫೋಟೊ ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆಯಬಹುದು:

‘ನಮಸ್ಕಾರ ಸರ್. ಸೊಸೈಟಿಯವರು ಬಾಡಿಗೆದಾರರ ಫಾರ್ಮ್ ಕೇಳ್ಯಾರ್ರಿ. ನಮ್ಮ ವಿವರ ಎಲ್ಲಾ ತುಂಬೀನಿ, ಒಮ್ಮೆ ನೋಡ್ರಿ. ಎರಡನೇ ಪುಟದಾಗ ಕೆಳಗ ನಿಮ್ಮ ಸಹಿ ಒಂದ ಬಾಕಿ ಐತ್ರಿ. ಅಗ್ರೀಮೆಂಟಿಗೆ ಸಹಿ ಮಾಡೋ ದಿನಾನ ಇದಕ್ಕೂ ಮಾಡಿಬಿಟ್ರ ನಿಮಗ ಮತ್ತ ತ್ರಾಸ ಇರಂಗಿಲ್ಲ. ಮೆಂಟೆನನ್ಸ್ ಬಾಕಿ ಏನರ ಐತೇನು, ಅದನ್ನೂ ಹೇಳ್ರಿ.’

ಎರಡು ಸಹಿ ಒಂದೇ ದಿನ ಆಗುವುದು ಮುಖ್ಯ. ಅಗ್ರೀಮೆಂಟ್ ಮುಗಿದು ಪೂರ್ತಿ ಡಿಪಾಜಿಟ್ ಕೈಸೇರಿದ ಮೇಲೆ ಮಾಲಕರಿಗೆ ಅವಸರವೇನೂ ಇರುವುದಿಲ್ಲ. ಅವಸರವೆಲ್ಲ ನಿಮ್ಮದೇ ಆಗುತ್ತದೆ.

ಕೆಲವರು ನಿಜವಾಗಿ ಹೆದರುವುದು ಫಾರ್ಮಿನ ಕೊನೆಯ ಸಾಲಿಗೆ. ‘ಬಾಡಿಗೆದಾರರು ಮೆಂಟೆನನ್ಸ್ ಕಟ್ಟದಿದ್ದರೆ ಅಥವಾ ಏನಾದರೂ ಹಾಳು ಮಾಡಿದರೆ ನಾನು ಜವಾಬ್ದಾರ’ ಎಂಬ ಅರ್ಥದ ಮಾತು ಅಲ್ಲಿ ಇರುತ್ತದೆ. ಹಾಗೆ ಹೆದರುವವರಿಗೆ ಅಗ್ರೀಮೆಂಟಿನಲ್ಲಿ ಒಂದು ಸಾಲು ಸೇರಿಸಿಕೊಡಿ. ಮೆಂಟೆನನ್ಸನ್ನು ಬಾಡಿಗೆದಾರರು ತಿಂಗಳು ತಿಂಗಳು ನೇರವಾಗಿ ಸೊಸೈಟಿಗೆ ಕಟ್ಟುತ್ತಾರೆ, ರಸೀದಿಯನ್ನು ಮಾಲಕರಿಗೆ ಕಳಿಸುತ್ತಾರೆ ಎಂದಿದ್ದರೆ ಸಾಕು. ಬಾಡಿಗೆಯಲ್ಲೇ ಮೆಂಟೆನನ್ಸ್ ಸೇರಿದ್ದರೆ ಅದನ್ನೂ ಸ್ಪಷ್ಟವಾಗಿ ಬರೆಸಿ.

ಒಂದು ಲೆಕ್ಕ: ಮಾಲಕರು ಪುಣೆಯಲ್ಲಿ, ಬಾಕಿ ಇಲ್ಲಿ

ಗದಗದಿಂದ ಹುಬ್ಬಳ್ಳಿಗೆ ವರ್ಗವಾದ ದಂಪತಿ ಜೂನ್ 1ರಿಂದ ವಿದ್ಯಾನಗರದ ಫ್ಲ್ಯಾಟಿಗೆ ಬರುತ್ತಾರೆ ಎಂದುಕೊಳ್ಳಿ. ಬಾಡಿಗೆ 12,000 ರೂಪಾಯಿ, ಡಿಪಾಜಿಟ್ 60,000. ಅದರಲ್ಲಿ 5,000 ಟೋಕನ್ ಕೊಟ್ಟಾಗಿದೆ. ಮಾಲಕರು ಪುಣೆಯಲ್ಲಿದ್ದಾರೆ. ಮನೆ 5 ತಿಂಗಳಿಂದ ಖಾಲಿ, ಮೆಂಟೆನನ್ಸ್ ತಿಂಗಳಿಗೆ 1,800. ಅಂದರೆ 9,000 ಬಾಕಿ. ಅದು ತೀರುವವರೆಗೆ ಫಾರ್ಮ್ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾರೆ ಸೆಕ್ರೆಟರಿ.

ಈ ಬಾಕಿ ಮಾಲಕರದ್ದು. ಅವರೇ ಸೊಸೈಟಿ ಖಾತೆಗೆ ಹಾಕಿದರೆ ಎಲ್ಲಕ್ಕಿಂತ ಒಳ್ಳೆಯದು. ‘ಈಗ ಕೈಯಾಗ ಇಲ್ಲ, ನೀವ ಕಟ್ರಿ’ ಎಂದರೆ ಅದನ್ನು ಮೊದಲ ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳಿ. ದಂಪತಿ 9,000ವನ್ನು ಸೊಸೈಟಿ ಖಾತೆಗೆ ಹಾಕಿ, ಫ್ಲ್ಯಾಟ್ ನಂಬರ್ ಮತ್ತು ಮಾಲಕರ ಹೆಸರಿನಲ್ಲಿ ರಸೀದಿ ಪಡೆಯುತ್ತಾರೆ. ಮಾಲಕರಿಗೆ ಜೂನ್ ಬಾಡಿಗೆ ಎಂದು 3,000 ಮಾತ್ರ ಹೋಗುತ್ತದೆ. ‘ಜೂನ್ ಬಾಡಿಗೆ ಪೂರ್ತಿ ಬಂತು’ ಎಂದು ಮಾಲಕರು ಒಂದು ಸಾಲು ಬರೆದು ಕಳಿಸಬೇಕು. ಇದನ್ನು ಡಿಪಾಜಿಟ್‌ನಲ್ಲಿ ಮುರಿದುಕೊಳ್ಳಲು ನಾನು ಹೇಳುವುದಿಲ್ಲ. ಅಗ್ರೀಮೆಂಟಿನಲ್ಲಿ 60,000 ಎಂದಿದ್ದು, ಮಾಲಕರ ಖಾತೆಗೆ 51,000 ಮಾತ್ರ ಹೋಗಿದ್ದರೆ, ಮನೆ ಬಿಡುವಾಗ ಆ 9,000ದ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ.

ಇನ್ನು ಸಹಿ. ಮೇ ಮೂರನೇ ವಾರದಲ್ಲಿ ತುಂಬಿದ ಫಾರ್ಮ್ ಮತ್ತು ಅಗ್ರೀಮೆಂಟ್ ಎರಡನ್ನೂ ಒಂದೇ ಲಕೋಟೆಯಲ್ಲಿ ಪುಣೆಗೆ ಕೊರಿಯರ್ ಮಾಡುತ್ತಾರೆ, ಸಹಿ ಮಾಡಬೇಕಾದ ಜಾಗಕ್ಕೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಸಹಿ ಮಾಡಿದ ಕೂಡಲೇ ಮಾಲಕರು ಅದನ್ನು ಸ್ಕ್ಯಾನ್ ಮಾಡಿ ಸೆಕ್ರೆಟರಿಗೂ ಬಾಡಿಗೆದಾರರಿಗೂ ಕಳಿಸುತ್ತಾರೆ. ಸೆಕ್ರೆಟರಿ ಒಪ್ಪಿದರೆ ಸ್ಕ್ಯಾನಿನ ಮೇಲೆಯೇ ಸಾಮಾನು ಒಳಗೆ ಹೋಗುತ್ತದೆ. ಮೂಲಪ್ರತಿ ಆಮೇಲೆ ಬಂದರೂ ನಡೆಯುತ್ತದೆ. ಉಳಿದ 55,000 ಹೋಗುವುದು ಸಹಿ ಮಾಡಿದ ಎರಡೂ ಕಾಗದದ ಸ್ಕ್ಯಾನ್ ಬಂದ ಮೇಲೆ.

ದೂರ ಇರುವ ಮಾಲಕರು ಕೆಲವೊಮ್ಮೆ ‘ನನ್ನ ಸಹಿ ನೀವ ಮಾಡಿಬಿಡ್ರಿ, ಏನ ಆಗಂಗಿಲ್ಲ’ ಎನ್ನುತ್ತಾರೆ. ಬೇಡ. ಅವರು ಬಾಯಲ್ಲಿ ಒಪ್ಪಿದ್ದರೂ ನಾಳೆ ತಕರಾರು ಬಂದರೆ ನಕಲಿ ಸಹಿ ಮಾಡಿದವರು ಎಂದು ಉಳಿಯುವುದು ನಿಮ್ಮ ಹೆಸರು.

ಕೊಟ್ಟ ಮೇಲೆ

ಫಾರ್ಮ್ ಕೊಡುವಾಗ ನಿಮ್ಮ ಪ್ರತಿಯ ಮೇಲೆ ಸೆಕ್ರೆಟರಿಯ ಸಹಿ, ತಾರೀಕು ಹಾಕಿಸಿಕೊಳ್ಳಿ. ಅದರ ಫೋಟೊ ಫೋನಿನಲ್ಲಿರಲಿ. ಸಾಮಾನು ತರುವ ದಿನ ಮತ್ತು ಹೊತ್ತನ್ನು ಆಗಲೇ ಹೇಳಿ. ಕೆಲವು ಕಡೆ ಭಾನುವಾರ ಬಿಡುವುದಿಲ್ಲ, ಕೆಲವು ಕಡೆ ಲಿಫ್ಟಿನಲ್ಲಿ ಕಪಾಟು, ಮಂಚ ಒಯ್ಯಲು ಬಿಡುವುದಿಲ್ಲ. ಹಿಂದಿನ ಸಂಜೆ ವಾಚ್‌ಮನ್‌ಗೂ ಒಮ್ಮೆ ತಿಳಿಸಿ ಬನ್ನಿ, ಸೆಕ್ರೆಟರಿ ಒಪ್ಪಿದ್ದು ಗೇಟಿನವರೆಗೆ ತಲುಪಿರುವುದಿಲ್ಲ.

ಪೊಲೀಸ್ ಪರಿಶೀಲನೆ ಬೇರೆಯದೇ ಕೆಲಸ. ಸೊಸೈಟಿಗೆ ಫಾರ್ಮ್ ಕೊಟ್ಟರೆ ಠಾಣೆಗೆ ಕೊಟ್ಟಂತಾಗುವುದಿಲ್ಲ. ಠಾಣೆಯ ಸ್ವೀಕೃತಿಯೂ ಬೇಕು ಎಂದು ಸೊಸೈಟಿ ಹೇಳಿದರೆ ಮಾಲಕರ ಸಹಿ ಅಲ್ಲೂ ಬೇಕಾಗಬಹುದು. ಅದನ್ನೂ ಅದೇ ಲಕೋಟೆಯಲ್ಲಿ ಕಳಿಸಿದರೆ ಇನ್ನೊಂದು ಕೊರಿಯರ್ ತಪ್ಪುತ್ತದೆ.

ಈ ಫಾರ್ಮ್ ಅಗ್ರೀಮೆಂಟಿನ ಬದಲಿಗೆ ಬರುವುದಿಲ್ಲ. ಡಿಪಾಜಿಟ್ ಎಷ್ಟು, ಯಾವಾಗ ವಾಪಸ್, ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು ಎನ್ನುವುದಕ್ಕೆಲ್ಲ ಅಗ್ರೀಮೆಂಟೇ ಆಧಾರ. 11 ತಿಂಗಳು ಮುಗಿದು ಹೊಸ ಅಗ್ರೀಮೆಂಟ್ ಆದಾಗ ಅದರ ಪ್ರತಿಯನ್ನು ಸೆಕ್ರೆಟರಿಗೆ ಕೊಡಿ, ಇಲ್ಲದಿದ್ದರೆ ರಜಿಸ್ಟರಿನಲ್ಲಿ ನಿಮ್ಮ ಅವಧಿ ಮುಗಿದೇ ಇರುತ್ತದೆ. ಮನೆ ಬಿಡುವಾಗ ಸಾಮಾನು ಹೊರಗೆ ಒಯ್ಯಲೂ ಅನೇಕ ಸೊಸೈಟಿಗಳು ಮಾಲಕರ ಒಪ್ಪಿಗೆ ಪತ್ರ ಕೇಳುತ್ತವೆ. ನೋಟಿಸ್ ಕೊಡುವ ದಿನವೇ ಅದನ್ನೂ ಕೇಳಿಡಿ.