ಪುಟಿಯುವ ಚೆಂಡು ನಿಲ್ಲುವ ಹೊತ್ತಿಗೆ ಎಷ್ಟು ದೂರ ಸಾಗಿರುತ್ತದೆ? ಲೆಕ್ಕ ಹಾಕುವುದು ಹೀಗೆ

ಟೇಬಲ್ ಟೆನಿಸ್ ಮೇಜು ಸರಿಯಾಗಿದೆಯೇ ಎಂದು ತಿಳಿಯಲು ಆ ಆಟದ ಅಂತಾರಾಷ್ಟ್ರೀಯ ನಿಯಮದಲ್ಲೇ ಒಂದು ಅಳತೆಯಿದೆ: ಚೆಂಡನ್ನು 30 ಸೆಂ.ಮೀ. ಎತ್ತರದಿಂದ ಮೇಜಿನ ಮೇಲೆ ಬಿಟ್ಟರೆ ಅದು ಸುಮಾರು 23 ಸೆಂ.ಮೀ. ಪುಟಿಯಬೇಕು. ಅಲ್ಲಿಂದ ಬಿದ್ದು ಮತ್ತೆ ಏಳುತ್ತದೆ, ಇನ್ನಷ್ಟು ಕಡಿಮೆ. ಹೀಗೆ ಏಳುತ್ತ ಬೀಳುತ್ತ ನಿಲ್ಲುವ ತನಕ ಒಟ್ಟು ಎಷ್ಟು ದೂರ ಕ್ರಮಿಸುತ್ತದೆ ಎಂಬುದನ್ನು ಈ ಎರಡು ಅಂಕಿಗಳಿಂದಲೇ ಕಂಡುಹಿಡಿಯಬಹುದು.

ಮೊದಲು ಅನುಪಾತ ಬೇಕು. 23ನ್ನು 30ರಿಂದ ಭಾಗಿಸಿದರೆ ಸುಮಾರು 0.767. ಪ್ರತಿ ಸಲವೂ ಚೆಂಡು ಹಿಂದಿನ ಎತ್ತರದ ಇಷ್ಟೇ ಪಾಲು ಏಳುತ್ತದೆ ಎಂದುಕೊಳ್ಳೋಣ. ಆಗ ಎತ್ತರಗಳು 30, 23, 17.6, 13.5 ಎಂದು ಇಳಿಯುತ್ತ ಹೋಗುತ್ತವೆ. ಇದು ಗುಣೋತ್ತರ ಶ್ರೇಢಿ. 23/30 ಅದರ ಸಾಮಾನ್ಯ ಅನುಪಾತ.

ಈಗ ಬೀಳುವ ದೂರಗಳನ್ನಷ್ಟೇ ಕೂಡೋಣ. ಏಳುವುದರ ಲೆಕ್ಕ ಆಮೇಲೆ. ಆ ಮೊತ್ತವನ್ನು S ಎಂದು ಕರೆಯಿರಿ.

S = 30 + 23 + 17.6 + 13.5 + …

ಪ್ರತಿ ಪದವನ್ನೂ 23/30ರಿಂದ ಗುಣಿಸಿದರೆ 30 ಇದ್ದದ್ದು 23 ಆಗುತ್ತದೆ, 23 ಇದ್ದದ್ದು 17.6 ಆಗುತ್ತದೆ. ಅಂದರೆ ಸಾಲು ಹಾಗೆಯೇ ಉಳಿದು ಮೊದಲಿನ 30 ಮಾತ್ರ ಉದುರಿಹೋಗುತ್ತದೆ. ಹಾಗಾಗಿ Sನಿಂದ ಅದರ 23/30 ಪಾಲನ್ನು ಕಳೆದರೆ ಉಳಿಯುವುದು ಬರೀ 30. Sನ 7/30 ಪಾಲು 30 ಎಂದಾದರೆ, S ಸುಮಾರು 128.6 ಸೆಂ.ಮೀ.

ಕೊನೆಯೇ ಇಲ್ಲದ ಸಾಲಿನ ಮೇಲೆ ಹೀಗೆ ಕೈಚಳಕ ತೋರಿಸುವುದು ಸರಿಯೇ ಎಂದು ಅನುಮಾನ ಪಡುವವರಿದ್ದಾರೆ, ಪಡಲೇಬೇಕು ಕೂಡ. ಅನುಪಾತ 2 ಆಗಿದ್ದರೆ ಇದೇ ಉಪಾಯ ಮೊತ್ತ ಋಣಸಂಖ್ಯೆ ಎನ್ನುತ್ತದೆ, ಅದು ಶುದ್ಧ ಅಸಂಬದ್ಧ. ಆದ್ದರಿಂದ ಸಾಲನ್ನು ಎಲ್ಲಾದರೂ ತುಂಡರಿಸಿ ನೋಡುವುದು ಪ್ರಾಮಾಣಿಕ ದಾರಿ. ಪರಿಮಿತ ಪದಗಳ ಇಂಥ ಮೊತ್ತಕ್ಕೆ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರೇ 9ನೇ ಶತಮಾನದಲ್ಲಿ ಸೂತ್ರ ಕೊಟ್ಟಿದ್ದಾರೆ. ನಮ್ಮ ಸಾಲಿನಲ್ಲಿ 10 ಪದ ಕೂಡಿದರೆ ಸುಮಾರು 119.6, 20 ಪದಕ್ಕೆ 127.9, 30 ಪದಕ್ಕೆ 128.5. ಉಳಿಯುವ ಕೊರತೆ ಪ್ರತಿ ಪದಕ್ಕೂ ಹಿಂದಿನದರ 0.767 ಪಟ್ಟಿಗೆ ಕುಗ್ಗುತ್ತದೆ. ಎಷ್ಟು ಚಿಕ್ಕದು ಬೇಕೆಂದರೂ ಅಷ್ಟು ಚಿಕ್ಕದಾಗುತ್ತದೆ. ಮೊತ್ತ 128.6ರ ಹತ್ತಿರ ಹತ್ತಿರ ಸರಿಯುತ್ತದೆಯೇ ಹೊರತು ಅದನ್ನು ದಾಟುವುದಿಲ್ಲ. ಇದೇ ಮಿತಿ. ಅನುಪಾತ 1ಕ್ಕಿಂತ ಕಡಿಮೆ ಇರುವುದರಿಂದಲೇ ಅದು ಸಿಗುತ್ತದೆ.

ಇನ್ನು ಏಳುವ ದೂರ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿ: 128.6ನ್ನು ಎರಡರಿಂದ ಗುಣಿಸಿ ಉತ್ತರ ಬರೆದುಬಿಡುತ್ತಾರೆ. ಆದರೆ ಮೊದಲ 30 ಸೆಂ.ಮೀ. ಚೆಂಡು ಬಿದ್ದದ್ದು ಮಾತ್ರ, ಅಷ್ಟು ಎತ್ತರ ಅದು ಏಳಲೇ ಇಲ್ಲ. ಕೈಯಿಂದ ಎತ್ತಿ ಹಿಡಿದವರು ನಾವು. ಆದ್ದರಿಂದ ಇಮ್ಮಡಿಸಿ 30 ಕಳೆಯಬೇಕು. ಒಟ್ಟು ದೂರ ಸುಮಾರು 227 ಸೆಂ.ಮೀ., ಎರಡೂಕಾಲು ಮೀಟರಿಗೆ ಚೂರು ಹೆಚ್ಚು.

ನಿಜವಾದ ಚೆಂಡು ಅನಂತ ಸಲ ಪುಟಿಯುವುದಿಲ್ಲ, ನಿಜ. ಆದರೆ ಆ ಚಿಂತೆಯಿಂದ ಉತ್ತರಕ್ಕೆ ಆಗುವ ನಷ್ಟ ತೀರಾ ಅಲ್ಪ: 30 ಪುಟಿತಗಳ ನಂತರ ಉಳಿಯುವ ದೂರವೆಲ್ಲ ಸೇರಿದರೂ ಒಂದು ಮಿಲಿಮೀಟರ್ ಆಗದು. ಅಪಾಯ ಇರುವುದು ಆರಂಭದಲ್ಲಿ. ಪುಟಿತವನ್ನು 23ರ ಬದಲು 24 ಎಂದು ಓದಿದರೆ ಒಟ್ಟು ದೂರ 270 ಸೆಂ.ಮೀ.ಗೆ ಜಿಗಿಯುತ್ತದೆ, 22 ಎಂದು ಓದಿದರೆ 195ಕ್ಕೆ ಕುಸಿಯುತ್ತದೆ. ಒಂದು ಸೆಂಟಿಮೀಟರಿನ ತಪ್ಪು ಮೂವತ್ತು ನಲವತ್ತು ಸೆಂಟಿಮೀಟರಾಗಿ ಬೆಳೆಯುವುದು ಭಾಜಕದಲ್ಲಿ ಕೂತಿರುವ ಆ ಪುಟ್ಟ 7ರಿಂದ: ಅದು 6 ಅಥವಾ 8 ಆದರೆ ಭಾಗಲಬ್ಧವೇ ಬದಲಾಗುತ್ತದೆ.

ಹಾಗಾಗಿ ಅನುಪಾತವನ್ನು ಎರಡು ರೀತಿಯಲ್ಲಿ ಅಳೆಯುವುದು ಒಳ್ಳೆಯದು. ಒಂದು, ಹಿಂದೆ ಸ್ಕೇಲು ನಿಲ್ಲಿಸಿ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು, ಬಿಡುವಾಗಲೂ ಪುಟಿದಾಗಲೂ ಚೆಂಡಿನ ತಳವನ್ನೇ ಓದುವುದು. ಮೊಬೈಲು ಚೆಂಡು ಏರುವ ಎತ್ತರಕ್ಕೇ ಇರಲಿ. ಮೇಲಿನಿಂದಲೋ ಕೆಳಗಿನಿಂದಲೋ ನೋಡಿದರೆ ಓದು ಜಾರುತ್ತದೆ. ಇನ್ನೊಂದು, ಸದ್ದನ್ನು ಧ್ವನಿಮುದ್ರಿಸಿ ಟಕ್ ಟಕ್‌ಗಳ ನಡುವಿನ ಅಂತರ ನೋಡುವುದು. ಮೇಜು ನಿಯಮದಂತೆ ಇದ್ದರೆ ಮೊದಲ ಎರಡು ಸದ್ದುಗಳ ನಡುವೆ ಸುಮಾರು 0.43 ಸೆಕೆಂಡ್, ಎರಡು ಮತ್ತು ಮೂರನೆಯದರ ನಡುವೆ 0.38 ಸೆಕೆಂಡ್ ಬರಬೇಕು. ಎತ್ತರವು ಸಮಯದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಈ ಅಂತರಗಳ ಅನುಪಾತವನ್ನು ವರ್ಗಮಾಡಿದರೆ ಎತ್ತರಗಳ ಅನುಪಾತ ಸಿಗುತ್ತದೆ. ಎರಡೂ ವಿಧಾನ ಒಪ್ಪದಿದ್ದರೆ ಮತ್ತೆ ಅಳೆಯಿರಿ. ಅನುಪಾತ ಪುಟಿತದಿಂದ ಪುಟಿತಕ್ಕೆ ಅಡ್ಡಾದಿಡ್ಡಿ ಬದಲಾಗುತ್ತಿದ್ದರೆ ಚೆಂಡು ಬಿರುಕು ಬಿಟ್ಟಿರಬಹುದು ಇಲ್ಲವೇ ಮೇಜು ಸಮವಿಲ್ಲ. ಆಗ ಒಂದೇ ಅನುಪಾತದ ಈ ಲೆಕ್ಕ ಅದಕ್ಕೆ ಹೊಂದುವುದಿಲ್ಲ.