ಒಂದೇ ರಿಪೋರ್ಟಿನಲ್ಲಿ ಎರಡು ಕೊರತೆ: ಡಿ ಮತ್ತು ಬಿ12 ಚಿಕಿತ್ಸೆಯನ್ನು ನಾನು ಅಳೆಯುವ ಬಗೆ

ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಬರುವ ರಿಪೋರ್ಟುಗಳಲ್ಲಿ ವಿಟಮಿನ್ ಡಿ, ಬಿ12 ಎರಡೂ ಒಟ್ಟಿಗೇ ಕಡಿಮೆ ಇರುವುದು ಮಾಮೂಲು. ಎರಡಕ್ಕೂ ಔಷಧಿ ಒಂದೇ ಚೀಟಿಯಲ್ಲಿ ಹೋಗುತ್ತದೆ. ಆದರೆ ಅದು ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವ ದಾರಿ ಬೇರೆ ಬೇರೆ. ಡಿ ವಿಷಯದಲ್ಲಿ ನಾನು ಅಂಕಿಯನ್ನು ನಂಬುತ್ತೇನೆ. ಬಿ12 ವಿಷಯದಲ್ಲಿ ರಕ್ತಕಣ ಮತ್ತು ನರಗಳನ್ನು ನಂಬುತ್ತೇನೆ.

46 ವರ್ಷದ ಶಿಕ್ಷಕಿಯೊಬ್ಬರ ಉದಾಹರಣೆ ಹೇಳುತ್ತೇನೆ. ಅವರು ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ಎಂಟು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದರು. ಪಾದ ಜುಮುಗುಟ್ಟುತ್ತದೆ, ಕತ್ತಲಲ್ಲಿ ನಡೆದರೆ ಓಲಾಡಿದ ಹಾಗಾಗುತ್ತದೆ ಎಂದರು. ಬಿ12 142 ಪಿಕೋಗ್ರಾಂ, ಡಿ 9 ನ್ಯಾನೋಗ್ರಾಂ, ಹಿಮೋಗ್ಲೋಬಿನ್ 9.8. ಕೆಂಪುಕಣದ ಗಾತ್ರ ಹೇಳುವ ಎಂಸಿವಿ 104, ಅಂದರೆ ಕಣಗಳು ಊದಿದ್ದವು. ಕಂಪನ ಪರೀಕ್ಷಿಸುವ ಟ್ಯೂನಿಂಗ್ ಫೋರ್ಕನ್ನು ಕಾಲ್ಬೆರಳಿಗೆ ಇಟ್ಟಾಗ ಅವರಿಗೆ ಏನೂ ಗೊತ್ತಾಗಲಿಲ್ಲ. ಮೊಣಕಾಲಿನ ಹತ್ತಿರ ಗೊತ್ತಾಯಿತು. ಅದನ್ನು ಫೈಲಿನಲ್ಲಿ ಬರೆದುಕೊಂಡೆ, ಏಕೆಂದರೆ ಮುಂದೆ ಹೋಲಿಸಲು ನನಗೆ ಬೇಕಾಗುವುದು ಅದೇ.

ಬಿ12 200ಕ್ಕಿಂತ ಕೆಳಗಿದ್ದರೆ ಕೊರತೆ ಎಂದು ಹಿಡಿಯುತ್ತೇನೆ. 200ರಿಂದ 300ರ ನಡುವೆ ಇದ್ದು ಲಕ್ಷಣಗಳಿದ್ದರೆ ಹೋಮೋಸಿಸ್ಟೀನ್ ಅಥವಾ ಮಿಥೈಲ್‌ಮೆಲೋನಿಕ್ ಆಮ್ಲ ನೋಡುತ್ತೇನೆ. ಜೀವಕೋಶಕ್ಕೆ ಬಿ12 ಸಾಲದಿದ್ದರೆ ಇವು ಏರುತ್ತವೆ. ಪರೀಕ್ಷೆಗೆ ಮೊದಲು ಎಲ್ಲಾದರೂ ಶಕ್ತಿ ಇಂಜೆಕ್ಷನ್ ಹಾಕಿಸಿಕೊಂಡಿದ್ದೀರಾ ಎಂದು ಕೇಳಲೇಬೇಕು. ಅದರಲ್ಲಿ ಬಿ12 ಇದ್ದರೆ ರಿಪೋರ್ಟು ಚೆನ್ನಾಗಿಯೇ ಬರುತ್ತದೆ, ನರ ಮಾತ್ರ ಹಾಳಾಗಿಯೇ ಇರುತ್ತದೆ.

ನರದ ಲಕ್ಷಣವಿದ್ದ ಕಾರಣ ಅವರಿಗೆ 1000 ಮೈಕ್ರೋಗ್ರಾಂ ಇಂಜೆಕ್ಷನ್ ದಿನ ಬಿಟ್ಟು ದಿನ ಶುರು ಮಾಡಿದೆ, ಆಮೇಲೆ ವಾರಕ್ಕೊಂದು. ಒಂದು ವಾರಕ್ಕೆ ರೆಟಿಕ್ಯುಲೋಸೈಟ್, ಅಂದರೆ ಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆಯ ಕೆಂಪುಕಣಗಳು, ಚೆನ್ನಾಗಿ ಏರಿದ್ದವು. ಔಷಧಿ ತಾಗಿದೆ ಎಂಬುದಕ್ಕೆ ಇದಕ್ಕಿಂತ ಬೇಗ ಸಿಗುವ ಸಾಕ್ಷಿ ಕಡಿಮೆ.

ಎರಡು ತಿಂಗಳಾಗುವಷ್ಟರಲ್ಲಿ ಅವರ ಮಗ ಹೊರಗೆ ಪರೀಕ್ಷೆ ಮಾಡಿಸಿಕೊಂಡು ಬಂದ. “ಸರ್, ಬಿ12 ಎರಡು ಸಾವಿರ ದಾಟೈತೆ, ಇಂಜೆಕ್ಷನ್ ಜಾಸ್ತಿ ಆಯ್ತೇನ್ರಿ?” ಇಂಜೆಕ್ಷನ್ ನಡೆಯುತ್ತಿರುವಾಗ ಆ ಅಂಕಿ ಏರಿಯೇ ಏರುತ್ತದೆ. ಔಷಧಿ ರಕ್ತಕ್ಕೆ ಸೇರಿದೆ ಎಂದಷ್ಟೇ ಅದು ಹೇಳುತ್ತದೆ. ವಾಸಿಯಾಯಿತು ಎಂದಾಗಲಿ ವಿಷವಾಯಿತು ಎಂದಾಗಲಿ ಅರ್ಥವಲ್ಲ. ಅಂಕಿ ನೋಡಿ ಹೆದರಿ ನಡುವೆ ಇಂಜೆಕ್ಷನ್ ನಿಲ್ಲಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ನರ ಚೇತರಿಸಲು ತಿಂಗಳುಗಳೇ ಬೇಕು.

ನನ್ನನ್ನು ಯೋಚನೆಗೆ ಹಚ್ಚಿದ್ದು ಅದೇ ರಿಪೋರ್ಟಿನ ಇನ್ನೊಂದು ಸಾಲು. ಹಿಮೋಗ್ಲೋಬಿನ್ 11.2ಕ್ಕೆ ಬಂದು ನಿಂತಿತ್ತು, ಎಂಸಿವಿ 104ರಿಂದ 77ಕ್ಕೆ ಇಳಿದಿತ್ತು. ಸಹಜ ಗಾತ್ರವನ್ನೂ ದಾಟಿ ಕಣಗಳು ಚಿಕ್ಕದಾಗಿವೆ ಎಂದರೆ ಕಬ್ಬಿಣ ಸಾಲುತ್ತಿಲ್ಲ. ಬಿ12 ಸಿಕ್ಕ ಕೂಡಲೇ ಮಜ್ಜೆ ಭರದಿಂದ ಕಣ ಕಟ್ಟತೊಡಗುತ್ತದೆ, ಇದ್ದಬದ್ದ ಕಬ್ಬಿಣ ಖರ್ಚಾಗುತ್ತದೆ. ದೇಹದ ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ಬರೀ 8 ಇತ್ತು. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚು ಎಂಬುದು ಆಗ ಕೇಳಿದ ಮೇಲೆ ತಿಳಿಯಿತು. ಕಬ್ಬಿಣದ ಮಾತ್ರೆ ಕೊಟ್ಟು, ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆ.

ಡಿಯ ದಾರಿ ಇಷ್ಟು ಸುತ್ತಿನದಲ್ಲ. 20ರ ಕೆಳಗೆ ಕೊರತೆ, 12ರ ಕೆಳಗಾದರೆ ತೀವ್ರ. 24 ಬಂತೆಂದು ಓಡಿಬರುವ ಆರೋಗ್ಯವಂತರಿಗೆ ನಾನು ದೊಡ್ಡ ಡೋಸ್ ಬರೆಯುವುದಿಲ್ಲ. ಈ ಶಿಕ್ಷಕಿಗೆ ಕ್ಯಾಲ್ಸಿಯಂ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿ, 60,000 ಯೂನಿಟ್ಟಿನ ಸ್ಯಾಶೆಯನ್ನು ವಾರಕ್ಕೊಂದರಂತೆ ಎಂಟು ವಾರ, ಊಟವಾದ ಮೇಲೆ ಹಾಲಿನಲ್ಲಿ ಕೊಟ್ಟೆ. “ಭಾನುವಾರಕ್ಕೆ ಒಂದೇ” ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದೆ. ವಾರದ್ದನ್ನು ದಿನಾ ಕುಡಿದವರಿಗೆ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು ಬರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟಾಗುತ್ತದೆ.

ಡಿ ಮಟ್ಟ ಒಂದು ನೆಲೆಗೆ ಬರಲು ಸುಮಾರು ಮೂರು ತಿಂಗಳು ಬೇಕು, ಅದಕ್ಕೇ ನಾಲ್ಕು ವಾರಕ್ಕೆ ಮರುಪರೀಕ್ಷೆ ಮಾಡಿಸುವುದು ದಂಡ. ಮೂರು ತಿಂಗಳಿಗೆ ಇವರದು 33 ಬಂತು. ಏರದೇ ಇದ್ದಿದ್ದರೆ ಮೊದಲು ಸ್ಯಾಶೆ ನಿಜವಾಗಿ ಕುಡಿದರೇ ಎಂದು ಕೇಳುತ್ತಿದ್ದೆ, ಆಮೇಲೆ ಕರುಳಿನ ಹೀರಿಕೆಯ ತೊಂದರೆ ಹುಡುಕುತ್ತಿದ್ದೆ.

ಆರನೆಯ ತಿಂಗಳಿಗೆ ಫೋರ್ಕಿನ ಕಂಪನ ಅವರಿಗೆ ಹಿಮ್ಮಡಿಗಂಟಿನಲ್ಲಿ ತಿಳಿಯಿತು, ಬೆರಳಿನಲ್ಲಿ ಇನ್ನೂ ಇಲ್ಲ. ಬಿ12 ಹೀರಿಕೆಯನ್ನು ತಗ್ಗಿಸುವ ಮೆಟ್‌ಫಾರ್ಮಿನ್ ಮುಂದುವರಿದಿದೆ, ಬಿ12 ಸಿಗುವ ಮಾಂಸ ಮೊಟ್ಟೆ ಇಲ್ಲ, ಆದ್ದರಿಂದ ದಿನಕ್ಕೆ 1000 ಮೈಕ್ರೋಗ್ರಾಂ ಬಿ12 ಮಾತ್ರೆ ನಿಲ್ಲುವುದಿಲ್ಲ. ಡಿ ಈಗ ತಿಂಗಳಿಗೊಂದು ಸ್ಯಾಶೆ. ಮುಂದಿನ ಭೇಟಿಗೆ ಹಿಮೋಗ್ಲೋಬಿನ್, ಎಂಸಿವಿ, ಫೆರಿಟಿನ್ ಬರೆದಿದ್ದೇನೆ. ಬಿ12 ಅಂಕಿ ಬರೆದಿಲ್ಲ.